ಫಾಲೋ-ಅಪ್ ಪ್ರಶ್ನೆ: ಕೇಳಿಸಿಕೊಂಡು ಕೇಳುವುದು

ಕನ್ನಡದಲ್ಲಿ ‘ಕೇಳು’ ಅನ್ನುವ ಒಂದೇ ಪದ ಎರಡು ಕೆಲಸ ಮಾಡುತ್ತದೆ. ಹಾಡು ಕೇಳುತ್ತೇವೆ, ಪ್ರಶ್ನೆಯನ್ನೂ ಕೇಳುತ್ತೇವೆ. ಆಕ್ಟಿವ್ ಲಿಸನಿಂಗ್ ಅಂದರೇನು ಅಂತ ಯಾರಾದರೂ ಕೇಳಿದರೆ ನಾನು ಈ ಪದವನ್ನೇ ಮುಂದಿಡುತ್ತೇನೆ. ಕಿವಿಯ ಕೇಳುವಿಕೆಯಿಂದ ಬಾಯಿಯ ಕೇಳುವಿಕೆ ಹುಟ್ಟಬೇಕು, ಅಷ್ಟೇ. ಮೊದಲ ಡೇಟ್‌ನಲ್ಲಿ ಸಾಮಾನ್ಯವಾಗಿ ತಪ್ಪುವುದು ಈ ಕೊಂಡಿಯೇ.

ಆಕ್ಟಿವ್ ಲಿಸನಿಂಗ್ ಅನ್ನುವ ಮಾತು ಹುಟ್ಟಿದ್ದು ಪ್ರೇಮದ ಜಗತ್ತಿನಲ್ಲಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕಾರ್ಲ್ ರೋಜರ್ಸ್ ಮತ್ತು ರಿಚರ್ಡ್ ಫಾರ್ಸನ್ 1957ರಲ್ಲಿ ಒಂದು ಕಿರುಹೊತ್ತಗೆ ಬರೆದರು. ಕೆಲಸದ ಜಾಗದಲ್ಲಿ ಮೇಲ್ವಿಚಾರಕರು ಕೆಲಸಗಾರರ ಮಾತನ್ನು ಹೇಗೆ ಕೇಳಿಸಿಕೊಳ್ಳಬೇಕು ಅನ್ನುವುದು ಅದರ ವಿಷಯ. ಮಾತಿನ ಅರ್ಥದ ಜೊತೆಗೆ ಅದರ ಹಿಂದಿನ ಭಾವವನ್ನೂ ಹಿಡಿಯಬೇಕು ಅಂತ ಅವರು ಹೇಳಿದ್ದರು. ಆಮೇಲೆ ಅದು ತರಬೇತಿ ಶಿಬಿರಗಳಿಗೆ ಹೋಗಿ ತಲೆ ಆಡಿಸುವುದು, ಕಣ್ಣಿಟ್ಟು ನೋಡುವುದು, ‘ಹೂಂ ಹೂಂ’ ಅನ್ನುವುದು ಅಂತ ಸೊರಗಿಹೋಯಿತು. ಇವನ್ನೆಲ್ಲ ಏನೂ ಕೇಳಿಸಿಕೊಳ್ಳದೆಯೂ ಮಾಡಬಹುದು, ಅಲ್ವಾ? ಹಾಗೆ ನಟಿಸಲು ಕಷ್ಟವಾಗುವುದು ಫಾಲೋ-ಅಪ್ ಪ್ರಶ್ನೆಯನ್ನು. ಅಂದರೆ ಎದುರಿಗಿರುವವರು ಈಗಷ್ಟೇ ಹೇಳಿದ ಮಾತಿನ ಎಳೆ ಹಿಡಿದು ಕೇಳುವ ಪ್ರಶ್ನೆ.

ಅದನ್ನು ಗುರುತಿಸಲು ಸುಲಭದ ಪರೀಕ್ಷೆಯೊಂದಿದೆ. ಈ ಪ್ರಶ್ನೆಯನ್ನು ಮನೆಯಿಂದ ಹೊರಡುವ ಮೊದಲೇ ಬರೆದುಕೊಳ್ಳಬಹುದಿತ್ತೇ? ಹೌದಾದರೆ ಅದು ಫಾಲೋ-ಅಪ್ ಅಲ್ಲ. ‘ನಿಮ್ಮ ಹವ್ಯಾಸ ಏನು?’ ಅನ್ನುವುದನ್ನು ಯಾರಿಗೆ ಬೇಕಾದರೂ ಕೇಳಬಹುದು. ಹಾಗಂತ ಅದು ತಪ್ಪು ಪ್ರಶ್ನೆಯಲ್ಲ. ಮಾತು ಎಲ್ಲಿಂದಾದರೂ ಶುರುವಾಗಬೇಕಲ್ಲ. ಉತ್ತರ ಬಂದ ಮೇಲೆ ಏನು ಮಾಡುತ್ತೀರಿ ಅನ್ನುವುದರಲ್ಲಿದೆ ವಿಷಯ.

ಒಂದು ಮಾತುಕತೆ ನೋಡೋಣ. ಆತ ಹವ್ಯಾಸದ ಬಗ್ಗೆ ಕೇಳಿದ್ದಾನೆ. ಆಕೆ ಹೇಳುತ್ತಾಳೆ: “ಶನಿವಾರ ಈಜೋಕೆ ಹೋಗ್ತೀನಿ. ಈಚೆಗೆ ಮತ್ತೆ ಶುರು ಮಾಡಿದೆ.”

ಇಲ್ಲಿಂದ ದಾರಿಗಳು ಕವಲೊಡೆಯುತ್ತವೆ. “ಓಹ್, ಚೆನ್ನಾಗಿದೆ. ಸಿನಿಮಾ ನೋಡ್ತೀರಾ?” ಅಂದರೆ ಪಟ್ಟಿಯ ಮುಂದಿನ ಪ್ರಶ್ನೆಗೆ ಜಿಗಿದಂತೆ. ಅವಳ ಉತ್ತರಕ್ಕೆ ಟಿಕ್ ಹಾಕಿದ್ದಾಯಿತು. “ನಾನೂ ಚಿಕ್ಕವನಿದ್ದಾಗ ಈಜ್ತಿದ್ದೆ, ಒಂದ್ಸಲ ಏನಾಯ್ತು ಗೊತ್ತಾ...” ಅಂದರೆ ಮಾತಿನ ದೀಪ ತನ್ನ ಕಡೆ ತಿರುಗಿಸಿಕೊಂಡಂತೆ. “ವಾರಕ್ಕೆ ಎಷ್ಟು ಸಲ ಹೋಗ್ತೀರಾ?” ಅನ್ನುವುದು ಪರವಾಗಿಲ್ಲ, ವಿಷಯದಲ್ಲೇ ಇದೆ. ಆದರೆ ‘ಈಜು’ ಅನ್ನುವ ಪದವೊಂದೇ ಕಿವಿಗೆ ಬಿದ್ದಿದ್ದರೂ ಅಷ್ಟು ಕೇಳಬಹುದಿತ್ತು.

ಅವಳ ಮಾತಿನಲ್ಲಿ ತೂಕ ಇದ್ದದ್ದು ‘ಮತ್ತೆ’ ಅನ್ನುವ ಪದದಲ್ಲಿ. ಅದನ್ನು ಹಿಡಿದವನು ಹೀಗೆ ಕೇಳುತ್ತಾನೆ: “ಮತ್ತೆ ಅಂದ್ರಿ. ನಡುವೆ ಬಿಟ್ಟಿದ್ರಾ?”

“ಹೂಂ, ಆರು ವರ್ಷ. ಮೊದಲು ಸ್ಪರ್ಧೆಗೆ ಹೋಗ್ತಿದ್ದೆ. ಪ್ರತಿ ಸುತ್ತಿಗೂ ಕೋಚ್ ಟೈಮಿಂಗ್ ಕೂಗೋರು. ಆಮೇಲೆ ನೀರು ನೋಡಿದ್ರೇ ಬೇಜಾರಾಗ್ತಿತ್ತು. ಈಗ ವಾಚ್ ಕಟ್ಟದೇ ಇಳೀತೀನಿ.”

“ವಾಚ್ ಇಲ್ದೆ ಈಜೋದು ಬೇರೆ ಥರ ಅನ್ಸುತ್ತಾ?”

ಎರಡೇ ಪ್ರಶ್ನೆ. ಹವ್ಯಾಸದ ಪಟ್ಟಿಯಿಂದ ಹೊರಟ ಮಾತು, ಇಷ್ಟಪಟ್ಟದ್ದನ್ನು ಕಳೆದುಕೊಂಡು ಮತ್ತೆ ಪಡೆದ ಕತೆಗೆ ಬಂದಿತು. ಆತ ಜಾಣ ಪ್ರಶ್ನೆಯನ್ನೇನೂ ಹೊಸೆಯಲಿಲ್ಲ. ಪದಗಳೆಲ್ಲ ಅವಳವೇ. ಇಂಥ ಪದಗಳು ಸಾಮಾನ್ಯವಾಗಿ ಚಿಕ್ಕವಾಗಿರುತ್ತವೆ: ಮತ್ತೆ, ಇನ್ನೂ, ಆಗೆಲ್ಲ, ಹೇಗೋ, ಕೊನೆಗೂ. ‘ಕೊನೆಗೂ ಮನೆ ಬದಲಾಯಿಸಿದೆ’ ಅಂದರೆ ಆ ‘ಕೊನೆಗೂ’ ಹಿಂದೆ ಏನೋ ಇದ್ದೇ ಇರುತ್ತದೆ.

ಸರಿ, ಇಷ್ಟು ಸುಲಭವಿದ್ದರೆ ಯಾಕೆ ತಪ್ಪುತ್ತದೆ? ಮಾತುಕತೆಯ ವೇಗವೇ ಒಂದು ಕಾರಣ. ಹತ್ತು ಭಾಷೆಗಳನ್ನು ಹೋಲಿಸಿದ 2009ರ ಅಧ್ಯಯನವೊಂದು ಪ್ರಶ್ನೆಗೂ ಉತ್ತರಕ್ಕೂ ನಡುವಿನ ಬಿಡುವು ಸರಾಸರಿ ಸುಮಾರು 200 ಮಿಲಿಸೆಕೆಂಡು ಎಂದು ಕಂಡುಕೊಂಡಿತು. ಕಣ್ಣು ಮಿಟುಕಿಸುವಷ್ಟು ಹೊತ್ತು. ಒಂದೇ ಒಂದು ಪದವನ್ನು ಯೋಚಿಸಿ ಹೇಳಲೂ ಅದಕ್ಕಿಂತ ಜಾಸ್ತಿ ಸಮಯ ಬೇಕು. ಅಂದರೆ ಎದುರಿಗಿರುವವರು ಮುಗಿಸುವ ಮೊದಲೇ ನಾವು ನಮ್ಮ ಮಾತು ಕಟ್ಟತೊಡಗಿರುತ್ತೇವೆ. ಮೊದಲ ಭೇಟಿಯ ಅಳುಕಿನಲ್ಲಿ ಇದು ಇನ್ನೂ ಬೇಗ ಶುರುವಾಗುತ್ತದೆ. ಅವಳು ‘ಈಜು’ ಅಂದ ಕೂಡಲೇ ಮುಂದಿನ ಪ್ರಶ್ನೆ ರೆಡಿ, ‘ಮತ್ತೆ’ ಕಿವಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಆದ್ದರಿಂದ ಅವರು ಮುಗಿಸಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ಸುಮ್ನೆ ಇರಿ. ಮೇಜಿನ ಈ ಕಡೆ ಕೂತವರಿಗೆ ಆ ಮೌನ ಉದ್ದವೆನಿಸುತ್ತದೆ. ಆ ಕಡೆಯವರಿಗೆ ನೀವು ಯೋಚಿಸುತ್ತಿದ್ದೀರಿ ಅನಿಸಬಹುದು, ಎಷ್ಟೋ ಸಲ ಆ ಬಿಡುವಿನಲ್ಲಿ ಅವರೇ ಇನ್ನೊಂದು ವಾಕ್ಯ ಸೇರಿಸುತ್ತಾರೆ.

ಇದರ ಬಗ್ಗೆ ಸಂಶೋಧನೆಯೂ ನಡೆದಿದೆ. ಕರೆನ್ ಹುವಾಂಗ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಪೀಡ್ ಡೇಟಿಂಗ್, ಅಂದರೆ ಒಬ್ಬೊಬ್ಬರ ಜೊತೆ ಕೆಲವೇ ನಿಮಿಷ ಮಾತಾಡಿ ಮುಂದೆ ಹೋಗುವ ಭೇಟಿಗಳ ಮಾತುಕತೆಗಳನ್ನೂ ನೋಡಿದ್ದರು. ಫಾಲೋ-ಅಪ್ ಪ್ರಶ್ನೆಗಳನ್ನು ಹೆಚ್ಚು ಕೇಳಿದವರಿಗೆ ಎರಡನೇ ಭೇಟಿಗೆ ಒಪ್ಪಿಗೆ ಸಿಗುವ ಸಾಧ್ಯತೆ ಹೆಚ್ಚಿತ್ತು. ಪ್ರಶ್ನೆ ಕೇಳುವುದರಿಂದ ಇಷ್ಟವಾಗುತ್ತೇವೆ ಅಂತ ಜನ ಮುಂಚೆ ಊಹಿಸುವುದಿಲ್ಲ ಅನ್ನುವುದೂ ಅದರಲ್ಲೇ ಗೊತ್ತಾಯಿತು. ಹೆಚ್ಚಿನವರು ತಮ್ಮ ಬಗ್ಗೆ ಚೆನ್ನಾಗಿ ಹೇಳಿಕೊಳ್ಳುವುದೇ ದಾರಿ ಅಂದುಕೊಂಡಿರುತ್ತಾರೆ.

ಆದರೆ ಇದನ್ನೇ ತಂತ್ರ ಮಾಡಿಕೊಂಡರೆ ಹೊಸ ಬಗೆಯ ಕಂಠಪಾಠವಾಗುತ್ತದೆ. ಪ್ರತಿ ಉತ್ತರದ ಬಾಲ ಹಿಡಿದು “ಹೌದಾ, ಯಾಕೆ? ಆಮೇಲೆ? ಹೇಗನ್ನಿಸಿತು?” ಅಂತ ಹೋದರೆ ವಿಚಾರಣೆಗೆ ಕೂತಂತಿರುತ್ತದೆ. ಅದರಲ್ಲೂ ‘ಯಾಕೆ’ ಹುಷಾರು. “ಯಾಕೆ ಬಿಟ್ರಿ?” ಅಂದರೆ ಸಮಜಾಯಿಷಿ ಕೇಳಿದ ಹಾಗೆ. “ಬಿಡೋ ಹೊತ್ತಿಗೆ ಏನಾಗಿತ್ತು?” ಅಂದರೆ ಕತೆ ಕೇಳಿದ ಹಾಗೆ. ಎರಡು ಮೂರು ಪ್ರಶ್ನೆ ಆದ ಮೇಲೆ ನಿಮ್ಮದೂ ಒಂದು ಮಾತು ಕೊಡಬೇಕು, ಚಿಕ್ಕದಾಗಿ. “ನಾನೂ ಚಿತ್ರ ಬಿಡಿಸೋದು ಹಾಗೇ ಬಿಟ್ಟೆ, ಬಹುಮಾನದ ಗೊಡವೆಯಿಂದ” ಅಂದರೆ ಅವಳ ಮಾತಿಗೆ ಜೊತೆ ಸಿಕ್ಕಂತೆ. ಅಲ್ಲಿಂದ ಹತ್ತು ನಿಮಿಷ ನಿಮ್ಮ ಚಿತ್ರಗಳ ಬಗ್ಗೆಯೇ ಹೇಳಿದರೆ ಮತ್ತೆ ದೀಪ ಕಿತ್ತುಕೊಂಡಂತೆ. ಇನ್ನೊಂದು ಕಾಯಿಲೆ, ತಾನು ಹೇಳಬೇಕಾದ್ದಕ್ಕೆ ದಾರಿ ಮಾಡಿಕೊಳ್ಳಲೆಂದೇ ಪ್ರಶ್ನೆ ಕೇಳುವುದು. “ರಜೆಯಲ್ಲಿ ಎಲ್ಲಿಗೆ ಹೋಗಿದ್ರಿ?” ಅಂತ ಕೇಳಿ, ಉತ್ತರ ಮುಗಿಯುವ ಮುಂಚೆ ತನ್ನ ಪ್ರವಾಸ ಶುರು. ಇದನ್ನು ನಾನೂ ಮಾಡಿದ್ದೇನೆ. ಮಾಡುವಾಗ ಗೊತ್ತೇ ಆಗುವುದಿಲ್ಲ.

ಎಲ್ಲಿ ನಿಲ್ಲಿಸಬೇಕು ಅನ್ನುವುದು ಉತ್ತರದ ಉದ್ದದಲ್ಲೇ ಗೊತ್ತಾಗುತ್ತದೆ. ಉತ್ತರಗಳು ಬೆಳೆಯುತ್ತಿದ್ದರೆ ಎಳೆ ಸರಿಯಿದೆ. “ಹೂಂ, ಏನೋ ಕಾರಣ” ಅಂತ ಕುಗ್ಗಿದರೆ ಅದು ಬಾಗಿಲು ಮುಚ್ಚಿದ ಸದ್ದು. ಅದನ್ನು ಕೇಳಿಸಿಕೊಂಡು ಬೇರೆ ವಿಷಯಕ್ಕೆ ಹೋಗುವುದೂ ಆಕ್ಟಿವ್ ಲಿಸನಿಂಗ್ ಆಗುತ್ತದೆ, ಪುಸ್ತಕಗಳು ಈ ಭಾಗವನ್ನು ಅಷ್ಟಾಗಿ ಹೇಳದಿದ್ದರೂ. ಇನ್ನು, ನೀವು ಹೀಗೆ ಎಳೆ ಎಳೆಯಾಗಿ ಕೇಳುತ್ತಾ ಅರ್ಧ ಗಂಟೆ ಕಳೆದರೂ ಆ ಕಡೆಯಿಂದ ಒಂದೇ ಒಂದು ಪ್ರಶ್ನೆ ಬಂದಿಲ್ಲ ಅನ್ನಿ. ಅಳುಕೂ ಇರಬಹುದು, ಹಾಗಾಗಿ ನಿಮ್ಮ ಬಗ್ಗೆ ಒಂದು ಮಾತು ಹೇಳಿ ಸುಮ್ಮನಾಗಿ ನೋಡಿ. ಆಗಲೂ ಬರದಿದ್ದರೆ ಅದನ್ನೂ ಕೇಳಿಸಿಕೊಳ್ಳಿ.