ಅಂತಿಮ ಸುತ್ತಿನ ಅಭ್ಯರ್ಥಿಗೆ ‘ಆಯ್ಕೆಯಾಗಿಲ್ಲ’ ಎಂದು ಬರೆಯುವುದು: ಒಂದೇ ಪತ್ರದ ಟಿಪ್ಪಣಿ

ನೇಮಕಾತಿ ಓದುತ್ತಿರುವ ನಮ್ಮ ಗುಂಪಿಗಾಗಿ ಇದನ್ನು ಬರೆದಿಟ್ಟಿದ್ದೇನೆ. ಯಾರ ಅರ್ಜಿಯನ್ನು ತೆರೆದೂ ನೋಡಿಲ್ಲವೋ ಅವರಿಗೆ ಕಳುಹಿಸುವ ಸಾಮಾನ್ಯ ಉತ್ತರದ ವಿಚಾರ ಇಲ್ಲಿಲ್ಲ. ಪರೀಕ್ಷೆ ಬರೆದು, ಸಂದರ್ಶನ ಮುಗಿಸಿ, ಕೊನೆಯ ಮೂವರಲ್ಲಿ ಒಬ್ಬರಾಗಿ ಉಳಿದವರಿಗೆ ಬರೆಯುವ ಪತ್ರದ ಬಗ್ಗೆ ಮಾತ್ರ.

ತರಬೇತಿಗೆಂದು ನಾನು ಹೋಗುತ್ತಿದ್ದುದು ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆಯ ಒಂದು ಸಗಟು ವ್ಯಾಪಾರದ ಕಚೇರಿಗೆ. ಲೆಕ್ಕಪತ್ರ ಸಹಾಯಕರ ಒಂದೇ ಹುದ್ದೆ, ಕೊನೆಯ ಸುತ್ತಿಗೆ ಮೂವರು. ಅವರಲ್ಲಿ ಒಬ್ಬರು ಗದಗದಿಂದ ಎರಡು ಸಲ ಬಂದು ಹೋಗಿದ್ದರು. ಅವರಿಗೆ ಹುದ್ದೆ ಸಿಗಲಿಲ್ಲ. ಪತ್ರದ ಕರಡು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಮೊದಲು ಬರೆದದ್ದು ಹೀಗಿತ್ತು:

“ನಮ್ಮ ಸಂಸ್ಥೆಯಲ್ಲಿ ತಾವು ತೋರಿದ ಆಸಕ್ತಿಗೆ ಧನ್ಯವಾದಗಳು. ಅನೇಕ ಅರ್ಹ ಅಭ್ಯರ್ಥಿಗಳಿಂದ ಅರ್ಜಿಗಳು ಬಂದಿದ್ದು, ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಲಾಯಿತು. ತಮ್ಮ ಆಯ್ಕೆ ಸಾಧ್ಯವಾಗಿಲ್ಲವೆಂದು ವಿಷಾದದಿಂದ ತಿಳಿಸುತ್ತೇವೆ. ತಮ್ಮ ಉಜ್ವಲ ಭವಿಷ್ಯಕ್ಕೆ ಶುಭ ಹಾರೈಕೆಗಳು.”

ಇದರಲ್ಲಿ ಒರಟು ಮಾತೊಂದೂ ಇಲ್ಲ. ಆದರೂ ಇದು ದಯೆಯ ಪತ್ರವಲ್ಲ. ಓದುವವರ ಕಣ್ಣು ಹುಡುಕುವುದು ಒಂದೇ ಸಂಗತಿಯನ್ನು. ಅದು ಮೂರನೆಯ ವಾಕ್ಯದಲ್ಲಿ ಅಡಗಿ ಕುಳಿತಿದೆ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಇದೇ ಪತ್ರವನ್ನು ಯಾರಿಗೆ ಬೇಕಾದರೂ ಕಳುಹಿಸಬಹುದು. ಎದುರಿಗೆ ಕುಳಿತು ಒಂದು ಗಂಟೆ ಕೆಲಸ ಮಾಡಿ ತೋರಿಸಿದವರನ್ನು ನಾವು ನೋಡಿದ್ದೇವೆ ಎಂಬ ಗುರುತು ಇದರಲ್ಲಿ ಎಲ್ಲೂ ಇಲ್ಲ.

ಹಿರಿಯ ವ್ಯವಸ್ಥಾಪಕರು ಕರಡನ್ನು ತಿದ್ದಲಿಲ್ಲ. ಸಂದರ್ಶನದ ಅಂಕಪಟ್ಟಿಯನ್ನು ನನ್ನ ಮುಂದಿಟ್ಟು, “ಇದನ್ನು ಓದಿ ಬರೆಯಿರಿ” ಎಂದರು. ಎರಡನೆಯ ಕರಡು ಹುಟ್ಟಿದ್ದು ಅಲ್ಲಿಂದ:

“____ ಅವರಿಗೆ ನಮಸ್ಕಾರ. ಲೆಕ್ಕಪತ್ರ ಸಹಾಯಕರ ಹುದ್ದೆಗೆ ನಾವು ಬೇರೊಬ್ಬರನ್ನು ಆಯ್ಕೆ ಮಾಡಿದ್ದೇವೆ. ಗದಗದಿಂದ ಎರಡು ಸಲ ಬಂದು ಪರೀಕ್ಷೆಗೂ ಸಂದರ್ಶನಕ್ಕೂ ಸಮಯ ಕೊಟ್ಟಿದ್ದೀರಿ, ಅದಕ್ಕೆ ಕೃತಜ್ಞರಾಗಿದ್ದೇವೆ. ಬ್ಯಾಂಕ್ ಲೆಕ್ಕ ತಾಳೆ ನೋಡುವಾಗ ಎರಡು ಸಲ ದಾಖಲಾಗಿದ್ದ ಚೆಕ್ಕನ್ನು ಕಂಡುಹಿಡಿದದ್ದು ನೀವೊಬ್ಬರೇ. ನಮ್ಮ ನಿರ್ಧಾರಕ್ಕೆ ಕಾರಣವಾದದ್ದು ಜಿಎಸ್‌ಟಿ ಭಾಗ: GSTR-2B ಪಟ್ಟಿಯಲ್ಲಿಲ್ಲದ ನಾಲ್ಕು ಬಿಲ್ಲುಗಳ ತೆರಿಗೆಯನ್ನೂ ಆ ತಿಂಗಳ ಕ್ರೆಡಿಟ್‌ಗೆ ಸೇರಿಸಿದ್ದಿರಿ. ಈ ಹುದ್ದೆಯಲ್ಲಿ ಆ ಕೆಲಸವನ್ನು ಮೊದಲ ತಿಂಗಳಿನಿಂದಲೇ ಒಬ್ಬರೇ ನಿಭಾಯಿಸಬೇಕಾಗಿದೆ. ಖರೀದಿ ಪುಸ್ತಕವನ್ನು ಆ ಪಟ್ಟಿಯೊಂದಿಗೆ ಬಿಲ್ಲು ಬಿಲ್ಲಾಗಿ ತಾಳೆ ನೋಡುವ ಅಭ್ಯಾಸ ಮಾಡಿಕೊಂಡರೆ ಇಂಥ ಹುದ್ದೆಗಳಿಗೆ ನಿಮ್ಮ ಸಿದ್ಧತೆ ಪೂರ್ಣವಾಗುತ್ತದೆ.”

ನಿರ್ಧಾರ ಮೊದಲ ವಾಕ್ಯದಲ್ಲೇ ಬಂದಿದೆ. “ವಿಷಾದ” ಎಂಬ ಪದ ಬೇಕಾಗಲೇ ಇಲ್ಲ. ಕೃತಜ್ಞತೆ ಅವರು ನಿಜವಾಗಿ ಮಾಡಿದ ಕೆಲಸಕ್ಕೆ ಸಂದಿದೆ. ಮೆಚ್ಚುಗೆಯ ವಾಕ್ಯವನ್ನು ಬರೆಯುವಾಗ ಎಚ್ಚರ ಬೇಕು. “ನಿಮ್ಮ ಪ್ರತಿಭೆ ಅಸಾಧಾರಣ” ಎಂದು ಬರೆದರೆ, ಹಾಗಾದರೆ ಬಿಟ್ಟದ್ದೇಕೆ ಎಂಬ ಪ್ರಶ್ನೆಯನ್ನು ನಾವೇ ಎಬ್ಬಿಸಿದಂತಾಗುತ್ತದೆ. ಎರಡು ಸಲ ದಾಖಲಾದ ಚೆಕ್ಕು ಎಂದರೆ ಹಾಗಾಗುವುದಿಲ್ಲ. ಅದು ಅಂಕಪಟ್ಟಿಯಲ್ಲಿರುವ ಸತ್ಯ.

ಪತ್ರದ ತೂಕವೆಲ್ಲ ಇರುವುದು ಜಿಎಸ್‌ಟಿಯ ವಾಕ್ಯದಲ್ಲಿ. ಅಂಕಪಟ್ಟಿಯಲ್ಲಿ ಒಬ್ಬರು “ಜಿಎಸ್‌ಟಿ ಜ್ಞಾನ ಸಾಲದು” ಎಂದಷ್ಟೇ ಬರೆದಿದ್ದರು. ಅದನ್ನೇ ಪತ್ರಕ್ಕೆ ಇಳಿಸಿದ್ದರೆ ಆ ಅಭ್ಯರ್ಥಿ ಏನು ಓದಬೇಕಿತ್ತು? ಜಿಎಸ್‌ಟಿ ಒಂದು ಸಮುದ್ರ. ಉತ್ತರದ ಹಾಳೆ ತೆಗೆದು ನೋಡಿದಾಗಲೇ ತಪ್ಪು ಎಲ್ಲಿದೆ ಎಂಬುದು ಕಂಡಿತು. ಮಾರಿದವರು ತಮ್ಮ ಮಾರಾಟದ ವಿವರಪತ್ರವಾದ GSTR-1ರಲ್ಲಿ ತೋರಿಸಿದ ಬಿಲ್ಲು ಕೊಂಡವರ GSTR-2Bಯಲ್ಲಿ ಕಾಣಿಸಿಕೊಳ್ಳುತ್ತದೆ. 2022ರ ಜನವರಿ 1ರಿಂದ, ಹಾಗೆ ಕಾಣಿಸಿಕೊಳ್ಳದ ಬಿಲ್ಲಿನ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಖರೀದಿಗೆ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ, ಪಡೆಯುವಂತಿಲ್ಲ. ಅಭ್ಯರ್ಥಿ ಖರೀದಿ ಪುಸ್ತಕದ ಒಟ್ಟು ಮೊತ್ತವನ್ನೇ ನಂಬಿದ್ದರು. ಕೂಡುವಿಕೆಯಲ್ಲಿ ಒಂದು ರೂಪಾಯಿಯೂ ತಪ್ಪಿರಲಿಲ್ಲ, ತಪ್ಪಿದ್ದು ಒಂದು ಹೆಜ್ಜೆ. ಆ ಹೆಜ್ಜೆ ಯಾವುದು ಎಂದು ಹೇಳಿದ್ದರಿಂದ, ಅವರು ಅದನ್ನು ಕೆಲವೇ ದಿನಗಳಲ್ಲಿ ಕಲಿಯಬಹುದು.

ಸಲಹೆಯ ವಾಕ್ಯವನ್ನು ನಾನೀಗ ಮೂರು ಪ್ರಶ್ನೆ ಕೇಳಿ ಪರೀಕ್ಷಿಸುತ್ತೇನೆ. ನಿರ್ಧಾರಕ್ಕೆ ಇದೇ ನಿಜವಾದ ಕಾರಣವೇ? ನಾವು ಕಣ್ಣಾರೆ ಕಂಡ ಕೆಲಸದಲ್ಲಿ ಇದನ್ನು ತೋರಿಸಬಹುದೇ? ಆ ವ್ಯಕ್ತಿ ಇದನ್ನು ಸರಿಪಡಿಸಿಕೊಳ್ಳಬಹುದೇ? ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ಆ ವಾಕ್ಯ ಬೇಡ.

ಅದೇ ಸುತ್ತಿನ ಮೂರನೆಯ ಅಭ್ಯರ್ಥಿಯ ಪತ್ರದಲ್ಲಿ ಸಲಹೆ ಇರಲಿಲ್ಲ. ಅವರ ಕೆಲಸದಲ್ಲಿ ಕೊರತೆ ಕಂಡಿರಲಿಲ್ಲ; ಆಯ್ಕೆಯಾದವರಿಗೆ ಅದೇ ಬಗೆಯ ವ್ಯಾಪಾರದಲ್ಲಿ ಹೆಚ್ಚು ವರ್ಷಗಳ ಅನುಭವವಿತ್ತು, ಅಷ್ಟೇ. ಇಂಥಲ್ಲಿ ಏನಾದರೂ ಹೇಳಬೇಕೆಂದು ಕೊರತೆಯೊಂದನ್ನು ಹುಡುಕಿ ತರುವುದು ಅನ್ಯಾಯ. ಆ ವ್ಯಕ್ತಿ ಇಲ್ಲದ ದೋಷವನ್ನು ತಿದ್ದಿಕೊಳ್ಳಲು ಹೊರಡುತ್ತಾರೆ. “ನಿಮ್ಮ ಉತ್ತರಗಳಲ್ಲಿ ನಾವು ಕೊರತೆ ಕಾಣಲಿಲ್ಲ, ಈ ವ್ಯಾಪಾರದ ಅನುಭವ ಹೆಚ್ಚಿದ್ದವರನ್ನು ಆರಿಸಿದೆವು” ಎಂದು ಬರೆದೆವು. ಆಯ್ಕೆಯಾದವರ ಹೆಸರು, ಊರು, ಅಂಕ ಯಾವುದನ್ನೂ ಹೇಳಲಿಲ್ಲ.

ಇನ್ನೊಂದು ಅಂಕಪಟ್ಟಿಯ ಅಂಚಿನಲ್ಲಿ “ಮಾತಿನಲ್ಲಿ ಹಳ್ಳಿಯ ಸೊಗಡು” ಎಂದಿತ್ತು. ಗದಗ, ಹಾವೇರಿ, ಧಾರವಾಡದ ಮಾತನ್ನೇ ಆಡುವ ಗಿರಾಕಿಗಳ ಲೆಕ್ಕ ಬರೆಯುವ ಹುದ್ದೆಗೆ ಅದು ಹೇಗೆ ಕೊರತೆಯಾಗುತ್ತದೆ? ಇದನ್ನು ಪತ್ರದಲ್ಲಿ ಮೃದುವಾಗಿ ಹೇಳುವುದು ಹೇಗೆ ಎಂದು ನಾನು ಕೇಳಿದ್ದು ತಪ್ಪು ಪ್ರಶ್ನೆ. ಪತ್ರದಲ್ಲಿ ಬರೆಯಲು ಹಿಂಜರಿಯುವಂಥ ಕಾರಣ ನಿರ್ಧಾರದೊಳಗೆ ಸೇರಿದ್ದರೆ ತಿದ್ದಬೇಕಾದದ್ದು ನಿರ್ಧಾರವನ್ನು. ಆ ಸಾಲಿಗೆ ಅಂಕ ಕೊಟ್ಟಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಪತ್ರಗಳು ಹೊರಟವು. “ಮದುವೆಯಾಗಿ ಬಿಟ್ಟು ಹೋಗುತ್ತಾರೆ” ಎಂಬ ಊಹೆಯೂ ಇದೇ ಜಾತಿಗೆ ಸೇರಿದ್ದು. ಹೆಣ್ಣೆಂಬ ಕಾರಣಕ್ಕೆ ನೇಮಕಾತಿಯಲ್ಲಿ ತಾರತಮ್ಯ ಮಾಡುವುದನ್ನು 1976ರ ಸಮಾನ ವೇತನ ಕಾಯ್ದೆ ನಿಷೇಧಿಸಿತ್ತು, 2019ರ ವೇತನ ಸಂಹಿತೆಯೂ ನಿಷೇಧಿಸುತ್ತದೆ.

“ನಿಮ್ಮ ವಿವರಗಳನ್ನು ಇಟ್ಟುಕೊಂಡಿರುತ್ತೇವೆ, ಮುಂದೆ ಸಂಪರ್ಕಿಸುತ್ತೇವೆ” ಎಂಬ ಸಾಲನ್ನು ನಾವು ಸೇರಿಸಲಿಲ್ಲ. ಹತ್ತಿರದಲ್ಲಿ ಬೇರೆ ಹುದ್ದೆ ಖಾಲಿಯಾಗುವಂತಿರಲಿಲ್ಲ. ಆ ಸಾಲನ್ನು ನಂಬಿ ಒಬ್ಬರು ತಿಂಗಳುಗಟ್ಟಲೆ ಮೊಬೈಲ್ ನೋಡುತ್ತಾ ಕೂರಬಹುದು.

ಕಳುಹಿಸುವ ಹೊತ್ತಿನ ಬಗ್ಗೆ ಒಂದು ಮಾತು. ಆಯ್ಕೆಯಾದವರು ಲಿಖಿತವಾಗಿ ಒಪ್ಪುವವರೆಗೆ ಎರಡನೆಯವರನ್ನು ಕಾಯಿಸುವುದು ವಾಡಿಕೆ. ಕಾಯಿಸುವುದೇ ಆದರೆ ಸುಮ್ಮನಿರದೆ, ಯಾವ ದಿನಾಂಕದೊಳಗೆ ಉತ್ತರ ಕೊಡುತ್ತೇವೆ ಎಂದು ತಿಳಿಸಿ ಕಾಯಿಸಬೇಕು. ಒಪ್ಪಿಗೆ ಕೈಸೇರಿದ ದಿನವೇ ನಮ್ಮವರು ಮೊದಲು ದೂರವಾಣಿಯಲ್ಲಿ ಎರಡು ಮಾತು ಹೇಳಿ, ಆಮೇಲೆ ಇಮೇಲ್ ಕಳುಹಿಸಿದರು. ಸಂದರ್ಶನ ಕನ್ನಡದಲ್ಲಿ ನಡೆದಿತ್ತು, ಪತ್ರವೂ ಕನ್ನಡದಲ್ಲೇ ಹೋಯಿತು.

ಮರುದಿನ ಗದಗದ ಅಭ್ಯರ್ಥಿ ಉತ್ತರಿಸಿ, ಆ ನಾಲ್ಕು ಬಿಲ್ಲುಗಳು ಯಾವುವು ಎಂದು ಕೇಳಿದರು. ಪರೀಕ್ಷೆಯನ್ನು ಮತ್ತೊಮ್ಮೆ ಬರೆಯಬಹುದೇ ಎಂದೂ ಕೇಳಿದರು. ಅವರದೇ ಉತ್ತರದ ಹಾಳೆಯ ಪ್ರತಿಯಲ್ಲಿ ನಾಲ್ಕು ಸಾಲುಗಳಿಗೆ ಗುರುತು ಹಾಕಿ ಕಳುಹಿಸಿದೆವು. ಎರಡನೆಯ ಪ್ರಶ್ನೆಗೆ, ಹುದ್ದೆ ಭರ್ತಿಯಾಗಿದೆ, ನಿರ್ಧಾರ ಬದಲಾಗುವುದಿಲ್ಲ ಎಂದು ಒಂದೇ ಸಾಲಿನಲ್ಲಿ ಬರೆದೆವು.