ಬಂದ ದುಡ್ಡೆಲ್ಲ ಸೇಲ್ಸ್ ಅಲ್ಲ

ಪ್ರಶ್ನೆ: ದಿನದ ವ್ಯಾಪಾರವನ್ನೆಲ್ಲ ತಿಂಗಳ ಕೊನೆಗೆ ಒಂದೇ ಜರ್ನಲ್ ಎಂಟ್ರಿಯಲ್ಲಿ ಹಾಕಬಹುದಾ?

ಹಾಕಬಹುದು. ದಿನದ ಹಾಳೆ ಇದ್ದರೆ ಮಾತ್ರ. ಬಿಲ್ ಮೊತ್ತ, ಅದರಲ್ಲಿ ತೆರಿಗೆ ಎಷ್ಟು, ನಗದು, ಯುಪಿಐ, ಕಾರ್ಡ್, ಉದ್ರಿ ಎಷ್ಟೆಷ್ಟು ಅಂತ ದಿನಾ ಬರೆದಿರಬೇಕು. ತಿಂಗಳ ಕೊನೆಗೆ ಕೂಡಿದರೆ ಎಂಟ್ರಿ ಸಿದ್ಧ.

ಆದರೆ ಪ್ರಶ್ನೆ ಕೇಳುವವರ ಕೈಯಲ್ಲಿ ಈ ಹಾಳೆ ಇರುವುದಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಇರುತ್ತದೆ. "ಬಂದಿದ್ದೆಲ್ಲ ಸೇಲ್ಸ್ ತಾನೇ?" ಅನ್ನುತ್ತಾರೆ. ಅಲ್ಲ! ಎಷ್ಟು ಸಲ ಹೇಳಿದರೂ ಇದೊಂದು ತಲೆಯಿಂದ ಹೋಗುವುದಿಲ್ಲ. ಲೆಕ್ಕ ಹಾಕಿಯೇ ನೋಡಿ.

ಒಂದು ಹಾರ್ಡ್‌ವೇರ್ ಅಂಗಡಿ, ಎಲ್ಲ ಮಾಲಿಗೂ 18% ಜಿಎಸ್‌ಟಿ. ತಿಂಗಳ ಬಿಲ್‌ಗಳ ಮೊತ್ತ 2,36,000. ನಗದು 1,20,000, ಯುಪಿಐ 80,000, ಕಾರ್ಡ್ 26,000, ಉದ್ರಿ 10,000. ಈ ನಾಲ್ಕೂ ಡೆಬಿಟ್. ಕ್ರೆಡಿಟ್ ಕಡೆ ಸೇಲ್ಸ್ 2,00,000, ಸಿಜಿಎಸ್‌ಟಿ 18,000, ಎಸ್‌ಜಿಎಸ್‌ಟಿ 18,000. ಎಂಟ್ರಿ ಇಷ್ಟೇ.

ಈಗ ಈ ತಿಂಗಳು ಗಲ್ಲಾಕ್ಕೂ ಬ್ಯಾಂಕಿಗೂ ಬಂದದ್ದನ್ನು ಕೂಡಿಸಿ. 2,86,600 ಬರುತ್ತದೆ! ಯಾಕೆ? ಮಾಲೀಕರು ಸ್ವಂತದ್ದು 50,000 ಹಾಕಿದ್ದಾರೆ, ಅದು ಬಂಡವಾಳ. ಹಳೇ ಉದ್ರಿ 15,000 ವಸೂಲಾಗಿದೆ. ಅದು ಬಿಲ್ ಮಾಡಿದ ತಿಂಗಳಲ್ಲೇ ಸೇಲ್ಸ್ ಆಗಿದೆ, ತೆರಿಗೆಯೂ ಕಟ್ಟಿಯಾಗಿದೆ. ಇತ್ತ ಈ ತಿಂಗಳ ಉದ್ರಿ 10,000 ಇನ್ನೂ ಬಂದಿಲ್ಲ. ಆದರೂ ಬಿಲ್ ಆದ ಮೇಲೆ ಅದರ ತೆರಿಗೆ ಈ ತಿಂಗಳದ್ದೇ. ಕೊನೇ ದಿನದ ಕಾರ್ಡ್ ದುಡ್ಡು 4,000 ಮುಂದಿನ ತಿಂಗಳ 1ಕ್ಕೆ ಬೀಳುತ್ತದೆ. ಉಳಿದ ಕಾರ್ಡ್ ದುಡ್ಡಲ್ಲಿ ಬ್ಯಾಂಕ್ 400 ಕಮಿಷನ್ ಹಿಡಿದಿದೆ. ಅದು ಖರ್ಚು, ಸೇಲ್ಸ್‌ನಿಂದ ಕಳೆಯುವಂಥದ್ದಲ್ಲ. ಅದಕ್ಕೇ ಕಾರ್ಡ್ ಮೊತ್ತವನ್ನು ನೇರ ಬ್ಯಾಂಕಿಗೆ ಹಾಕದೆ 'ಕಾರ್ಡ್ ಬಾಕಿ' ಅಂತ ಬೇರೆ ಖಾತೆಯಲ್ಲಿಡಿ. ದುಡ್ಡು ಬಿದ್ದಾಗ ಕಮಿಷನ್ ಖರ್ಚಿಗೆ ಹಾಕಿ ತೀರಿಸಿ. ಹಳೇ ದಿನದ ಮೊತ್ತ ಎಷ್ಟೋ ದಿನವಾದರೂ ಅದರಲ್ಲೇ ಉಳಿದಿದ್ದರೆ, ಆ ದಿನದ ದುಡ್ಡು ಬಂದಿಲ್ಲ, ಇಲ್ಲವೇ ಎಂಟ್ರಿ ತಪ್ಪಿದೆ ಅಂತ ಅರ್ಥ.

ಇದೇ ಭ್ರಮೆಯ ಇನ್ನೊಂದು ಮುಖ ಇದೆ. ಬಿಲ್ ಮೊತ್ತ 2,36,000ಕ್ಕೇ 18% ಹಾಕಿ 42,480 ಕಟ್ಟುವವರಿದ್ದಾರೆ. ತೆರಿಗೆ ಅದರೊಳಗೇ ಇದೆ ಅಲ್ವಾ? 118ರಿಂದ ಭಾಗಿಸಿ 18ರಿಂದ ಗುಣಿಸಿ, 36,000. ಸುಮ್ನೆ 6,480 ಜಾಸ್ತಿ ಹೋಯಿತು.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಜರ್ನಲ್ ತಿಂಗಳಿಗೊಂದು ಅಂದರೆ ಬಿಲ್ಲೂ ತಿಂಗಳಿಗೊಂದು ಅಂತಲ್ಲ. ಗಿರಾಕಿಗೆ ಜಿಎಸ್‌ಟಿ ನೋಂದಣಿ ಇಲ್ಲದೆ, ಅವರು ಬಿಲ್ ಬೇಡ ಅಂದರೆ, 200 ರೂಪಾಯಿಗಿಂತ ಕಡಿಮೆ ಮಾರಾಟಕ್ಕೆ ಬೇರೆ ಬೇರೆ ಬಿಲ್ ಬೇಕಿಲ್ಲ. ಅವನ್ನೆಲ್ಲ ಸೇರಿಸಿ ಒಂದು ಬಿಲ್ ಮಾಡಬೇಕು, ಅದೂ ಪ್ರತಿದಿನದ ಕೊನೆಗೆ. ನೋಂದಣಿ ಇರುವ ಗಿರಾಕಿಯ ಬಿಲ್‌ಗಳನ್ನಂತೂ GSTR-1 ಅನ್ನುವ ಮಾರಾಟದ ರಿಟರ್ನ್‌ನಲ್ಲಿ ಒಂದೊಂದಾಗಿಯೇ ತೋರಿಸಬೇಕು. ಅಲ್ಲಿ ತಿಂಗಳ ಮೊತ್ತ ನಡೆಯುವುದಿಲ್ಲ.