ನೀರು ಬೆರೆಸಿದರೆ ಪ್ರಬಲ ಆಮ್ಲ ದುರ್ಬಲ ಆಗುತ್ತದೆಯೇ?

ಓದುಗರ ಪ್ರಶ್ನೆ: ಹೈಡ್ರೋಕ್ಲೋರಿಕ್ ಆಮ್ಲ ಪ್ರಬಲ ಆಮ್ಲ ಅಂತ ಪುಸ್ತಕದಲ್ಲಿದೆ. ಆದರೆ ಅದಕ್ಕೆ ಬೇಕಾದಷ್ಟು ನೀರು ಬೆರೆಸಿದರೆ ಅದರ ಚುರುಕೆಲ್ಲ ಹೋಗಿಬಿಡುತ್ತದೆ. ಆಗ ಅದು ದುರ್ಬಲ ಆಮ್ಲ ಅಲ್ವಾ? ಟೆಸ್ಟ್‌ನಲ್ಲಿ ಹಾಗೇ ಬರೆದೆ, ಮಾರ್ಕ್ಸ್ ಕೊಡಲಿಲ್ಲ. ನನ್ನ ತಪ್ಪು ಎಲ್ಲಿ?

ಉತ್ತರ: ಅಲ್ಲ, ಅದು ಆಗಲೂ ಪ್ರಬಲ ಆಮ್ಲವೇ. ನೀವು ಬರೆಯಬೇಕಿದ್ದ ಪದ ‘ಸಾರರಿಕ್ತ’. ಆದರೆ ಇಷ್ಟು ಹೇಳಿ ಮುಗಿಸಿದರೆ ಮುಂದಿನ ಟೆಸ್ಟ್‌ನಲ್ಲಿ ಇನ್ನೊಂದು ರೀತಿಯಲ್ಲಿ ಇದೇ ತಪ್ಪು ಆಗುತ್ತದೆ. ಯಾಕೆಂದರೆ ಇಲ್ಲಿ ನಮ್ಮನ್ನು ಎಡವಿಸುವುದು ರಸಾಯನ ವಿಜ್ಞಾನಕ್ಕಿಂತ ಜಾಸ್ತಿ ಮಾತು.

ದಿನನಿತ್ಯದ ಮಾತಿನಲ್ಲಿ ‘ಕಾಫಿ ಸ್ಟ್ರಾಂಗ್ ಇದೆ’ ಅಂದರೆ ಡಿಕಾಕ್ಷನ್ ಜಾಸ್ತಿ, ನೀರು ಕಡಿಮೆ ಅಂತ. ಅಂದರೆ ಎಷ್ಟು ಬೆರೆತಿದೆ ಅನ್ನುವ ಲೆಕ್ಕ. ಇದೇ ಅರ್ಥವನ್ನು ನಾವು ಲ್ಯಾಬ್‌ಗೂ ಹೊತ್ತುಕೊಂಡು ಹೋಗುತ್ತೇವೆ. ಅದು ಸಾಲದು ಅಂತ ‘ಸಾರರಿಕ್ತ’ ಎಂಬ ಪದ ಬೇರೆ. ರಿಕ್ತ ಅಂದರೆ ಬರಿದಾದದ್ದು. ಕೇಳಿದರೆ ಸಾರವೇ ಹೋಯಿತೇನೋ, ಶಕ್ತಿಯೇ ಇಳಿಯಿತೇನೋ ಅನ್ನಿಸುತ್ತದೆ. ನಿಜಕ್ಕೂ ಅಲ್ಲಿ ಕಡಿಮೆಯಾಗಿರುವುದು ಒಂದು ಲೀಟರ್ ದ್ರಾವಣದಲ್ಲಿ ಇರುವ ಆಮ್ಲದ ಪ್ರಮಾಣ ಮಾತ್ರ.

ಹಾಗಾದರೆ ಪ್ರಬಲ, ದುರ್ಬಲ ಅನ್ನುವುದು ಯಾವುದರ ಲೆಕ್ಕ? ಆಮ್ಲದ ಅಣು ನೀರಿಗೆ ಬಿದ್ದಾಗ ತನ್ನ ಹೈಡ್ರೋಜನ್ ಅಯಾನನ್ನು ಬಿಟ್ಟುಕೊಡುತ್ತದೋ ಇಲ್ಲವೋ, ಅದರ ಲೆಕ್ಕ. ಎಷ್ಟು ಅಣು ಹಾಕಿದಿರಿ ಅನ್ನುವುದು ಒಂದು ಪ್ರಶ್ನೆ. ಹಾಕಿದ್ದರಲ್ಲಿ ಎಷ್ಟು ಒಡೆದವು ಅನ್ನುವುದು ಇನ್ನೊಂದು. ಮೊದಲನೆಯದು ನಿಮ್ಮ ಕೈಯಲ್ಲಿದೆ, ನೀರು ಸುರಿದು ಬದಲಿಸಬಹುದು. ಎರಡನೆಯದು ಆ ಅಣುವಿನ ಗುಣ.

ಎರಡು ಬೀಕರ್ ಇಟ್ಟುಕೊಂಡು ನೋಡೋಣ. ಒಂದರಲ್ಲಿ 25 ಮಿಲಿ ಹೈಡ್ರೋಕ್ಲೋರಿಕ್ ಆಮ್ಲ. ಇನ್ನೊಂದರಲ್ಲಿ 25 ಮಿಲಿ ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನಲ್ಲಿ ಇರುವ ಆಮ್ಲ. ಎರಡೂ 0.1 ಮೋಲಾರ್, ಹಾಗಾಗಿ ಸಾರತೆ ಒಂದೇ. ಎರಡರಲ್ಲೂ ಹಾಕಿರುವ ಅಣುಗಳ ಸಂಖ್ಯೆಯೂ ಸಮ.

ಪಿಎಚ್ ನೋಡಿದರೆ ಮೊದಲನೆಯದು ಸುಮಾರು 1, ಎರಡನೆಯದು ಸುಮಾರು 2.9. ಹೈಡ್ರೋಕ್ಲೋರಿಕ್ ಆಮ್ಲದ ಸಾವಿರ ಅಣು ಹಾಕಿದರೆ ಹೆಚ್ಚುಕಡಿಮೆ ಸಾವಿರವೂ ಒಡೆದು ಅಯಾನುಗಳಾಗುತ್ತವೆ. ಅಸಿಟಿಕ್ ಆಮ್ಲದ ಸಾವಿರ ಅಣುಗಳಲ್ಲಿ ಒಡೆಯುವುದು ಬರೀ 13ರಷ್ಟು. ಉಳಿದ 987 ಇಡೀ ಅಣುವಾಗಿಯೇ ನೀರಿನಲ್ಲಿ ಓಡಾಡಿಕೊಂಡಿರುತ್ತವೆ. ಆ 13 ಯಾವಾಗಲೂ ಅವೇ ಅಲ್ಲ ಅನ್ನುವುದನ್ನೂ ಗಮನಿಸಿ. ಒಂದು ಒಡೆಯುತ್ತದೆ, ಇನ್ನೊಂದು ಮತ್ತೆ ಕೂಡಿಕೊಳ್ಳುತ್ತದೆ. ಯಾವ ಕ್ಷಣದಲ್ಲಿ ಎಣಿಸಿದರೂ ಲೆಕ್ಕ ಸುಮಾರು 13ರಲ್ಲೇ ನಿಂತಿರುತ್ತದೆ.

ಕಣ್ಣಿಗೆ ಕಾಣುವ ಹಾಗೆ ಬೇಕು ಅಂದರೆ ಎರಡಕ್ಕೂ ಒಂದೇ ಅಳತೆಯ ಮೆಗ್ನೀಷಿಯಂ ಪಟ್ಟಿ ಹಾಕಿ. ಮೊದಲ ಬೀಕರ್‌ನಲ್ಲಿ ಬುಸ್ಸೆಂದು ಗುಳ್ಳೆ ಏಳುತ್ತದೆ. ಎರಡನೆಯದರಲ್ಲಿ ಪಟ್ಟಿಯ ಮೈಗೆ ಸಣ್ಣ ಸಣ್ಣ ಗುಳ್ಳೆ ಅಂಟಿಕೊಂಡು, ಒಂದೊಂದಾಗಿ ಮೇಲೆ ಬರುತ್ತವೆ. ವಿದ್ಯುತ್ ಹರಿಸಿ ನೋಡಿದರೂ ಹಾಗೇ. ಮೊದಲನೆಯದರಲ್ಲಿ ಬಲ್ಬ್ ಚೆನ್ನಾಗಿ ಉರಿಯುತ್ತದೆ, ಎರಡನೆಯದರಲ್ಲಿ ಮಂಕಾಗಿರುತ್ತದೆ. ಸಾರತೆ ಒಂದೇ ಇದ್ದರೂ ವರ್ತನೆ ಬೇರೆ. ಈ ವ್ಯತ್ಯಾಸಕ್ಕೇ ಪ್ರಬಲ, ದುರ್ಬಲ ಅಂತ ಹೆಸರು.

ಈಗ ಒಂದು ಪ್ರಶ್ನೆ. ಈ ಎರಡು ಬೀಕರ್‌ಗಳನ್ನು 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ತಟಸ್ಥ ಮಾಡಬೇಕು. ಯಾವುದಕ್ಕೆ ಜಾಸ್ತಿ ಬೇಕು? ನಾನು ಕೇಳಿದಾಗಲೆಲ್ಲ ಅರ್ಧ ಕ್ಲಾಸು ‘ಪ್ರಬಲ ಆಮ್ಲಕ್ಕೆ’ ಅನ್ನುತ್ತದೆ. ಉತ್ತರ: ಎರಡಕ್ಕೂ 25 ಮಿಲಿ. ಒಂದು ಹನಿಯೂ ಹೆಚ್ಚುಕಡಿಮೆ ಇಲ್ಲ.

ಒಡೆದಿರುವುದು ಸಾವಿರಕ್ಕೆ 13 ಮಾತ್ರ ಅಂದಮೇಲೆ ಇದು ಹೇಗೆ? ನೀವು ಹಾಕಿದ ಹೈಡ್ರಾಕ್ಸೈಡ್ ಆ 13 ಹೈಡ್ರೋಜನ್ ಅಯಾನುಗಳನ್ನು ಹಿಡಿದು ನೀರಾಗಿಸುತ್ತದೆ. ಆ ಜಾಗ ಖಾಲಿಯಾದ ಕೂಡಲೇ ಇನ್ನಷ್ಟು ಅಣುಗಳು ಒಡೆಯುತ್ತವೆ. ಅವೂ ಖರ್ಚಾದರೆ ಇನ್ನಷ್ಟು. ಹೀಗೆ ಕೊನೆಯ ಅಣುವಿನವರೆಗೂ ಸರದಿ ಬರುತ್ತದೆ. ದುರ್ಬಲ ಆಮ್ಲ ಹೈಡ್ರೋಜನ್ ಕೊಡುವುದೇ ಇಲ್ಲ ಅಂತಲ್ಲ. ಕೇಳುವವರು ಬಂದರೆ ಪೂರ್ತಿ ಕೊಡುತ್ತದೆ, ಸುಮ್ನೆ ಮುಂಗಡವಾಗಿ ಬಿಟ್ಟಿರುವುದಿಲ್ಲ, ಅಷ್ಟೇ. ಹಾಗಾಗಿ ಎಷ್ಟು ಪ್ರತ್ಯಾಮ್ಲ ಬೇಕು ಅನ್ನುವುದನ್ನು ತೀರ್ಮಾನಿಸುವುದು ಆಮ್ಲದ ಪ್ರಮಾಣ. ಆ ಹೊತ್ತಿನಲ್ಲಿ ಪಿಎಚ್ ಎಷ್ಟು ಅನ್ನುವುದರಲ್ಲಿ ಮಾತ್ರ ಪ್ರಬಲ, ದುರ್ಬಲ ಅನ್ನುವ ಗುಣದ ಪಾಲೂ ಇರುತ್ತದೆ. (ಅಸಿಟಿಕ್ ಆಮ್ಲದ ಬೀಕರ್‌ಗೆ ಸೂಚಕವಾಗಿ ಫಿನಾಲ್ಫ್ತಲೀನ್ ಬಳಸಿ. ಮಿಥೈಲ್ ಆರೆಂಜ್ ಹಾಕಿದರೆ 25 ಮಿಲಿ ಮುಟ್ಟುವ ಮುಂಚೆಯೇ ಬಣ್ಣ ಬದಲಾಗಿ ಲೆಕ್ಕ ಕೆಡುತ್ತದೆ.)

ಇನ್ನು ನಿಮ್ಮ ಪ್ರಶ್ನೆಯ ನೀರಿಗೆ ಬರೋಣ. ಎರಡೂ ಬೀಕರ್‌ಗಳ ದ್ರಾವಣವನ್ನು ನೂರು ಪಟ್ಟು ತೆಳು ಮಾಡಿದೆವು ಅನ್ನಿ. ಈಗ ಎರಡೂ 0.001 ಮೋಲಾರ್. ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ 1ರಿಂದ 3ಕ್ಕೆ ಏರಿತು. ನಾವು ಮೊದಲು ನೋಡಿದ ಅಸಿಟಿಕ್ ಆಮ್ಲದ ಪಿಎಚ್‌ಗಿಂತಲೂ ಇದು ಸ್ವಲ್ಪ ಹೆಚ್ಚು. ಅಂದರೆ 0.1 ಮೋಲಾರ್ ದುರ್ಬಲ ಆಮ್ಲದ ಮುಂದೆ ಈ ತೆಳು ಪ್ರಬಲ ಆಮ್ಲವೇ ಮೆತ್ತಗೆ ಕಾಣುತ್ತದೆ. ನಿಮಗೆ ಅನುಮಾನ ಬಂದಿದ್ದು ಇಲ್ಲೇ, ಮತ್ತು ಅದು ನ್ಯಾಯವಾದ ಅನುಮಾನ. ಆದರೆ ಒಳಗೆ ಎಣಿಸಿ ನೋಡಿ: ಈಗಲೂ ಸಾವಿರಕ್ಕೆ ಸಾವಿರ ಅಣು ಒಡೆದೇ ಇವೆ. ಅಣುಗಳು ದೂರ ದೂರ ಹರಡಿಕೊಂಡಿವೆಯೇ ಹೊರತು ಅವುಗಳ ಗುಣ ಬದಲಾಗಿಲ್ಲ. ಇದು ಸಾರರಿಕ್ತ ಪ್ರಬಲ ಆಮ್ಲ. ಕೇಳಲು ವಿಚಿತ್ರ ಅನ್ನಿಸಿದರೂ ಪದ ಸರಿಯಾಗಿಯೇ ಇದೆ.

ಇತ್ತ ಅಸಿಟಿಕ್ ಆಮ್ಲದಲ್ಲಿ ಒಂದು ಸ್ವಾರಸ್ಯ ನಡೆದಿದೆ. ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಎರಡು ಮೆಟ್ಟಿಲು ಏರಿದರೆ, ಇದರದು 2.9ರಿಂದ ಸುಮಾರು 3.9ಕ್ಕೆ, ಒಂದೇ ಮೆಟ್ಟಿಲು ಏರಿದೆ. ಕಾರಣ ಇಷ್ಟು: ನೀರು ಜಾಸ್ತಿಯಾದಾಗ ಒಡೆದ ತುಂಡುಗಳು ಮತ್ತೆ ಎದುರುಬದುರಾಗಿ ಕೂಡಿಕೊಳ್ಳುವುದು ಕಡಿಮೆಯಾಗುತ್ತದೆ. ಈಗ ಸಾವಿರಕ್ಕೆ 13 ಅಲ್ಲ, ಸುಮಾರು 125 ಅಣುಗಳು ಒಡೆದಿವೆ.

ಚುರುಕಾದ ವಿದ್ಯಾರ್ಥಿ ಇಲ್ಲಿ ಕೈ ಎತ್ತುತ್ತಾನೆ: ‘ಹಾಗಾದರೆ ನೀರು ಬೆರೆಸಿದರೆ ದುರ್ಬಲ ಆಮ್ಲ ಪ್ರಬಲ ಆಗುತ್ತದಾ?’ ಅದೂ ಇಲ್ಲ. ಒಡೆಯುವ ಶೇಕಡಾ ಪ್ರಮಾಣ ಸಾರತೆಯ ಜೊತೆ ಬದಲಾಗುತ್ತದೆ. ಅದಕ್ಕೇ ಆಮ್ಲದ ಬಲವನ್ನು ಅಳೆಯಲು ವಿಜ್ಞಾನಿಗಳು ಬೇರೆ ಸಂಖ್ಯೆ ಇಟ್ಟುಕೊಂಡಿದ್ದಾರೆ, ಆಮ್ಲ ವಿಯೋಜನ ಸ್ಥಿರಾಂಕ ಅಂತ. ಅಸಿಟಿಕ್ ಆಮ್ಲಕ್ಕೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸುಮಾರು 0.000018. ನೀವು ಬಕೆಟ್ ನೀರು ಸುರಿದರೂ ಆ ಸಂಖ್ಯೆ ಅಲುಗಾಡುವುದಿಲ್ಲ. ಮೇಲಿನ 13, 125 ಎರಡೂ ಆ ಒಂದೇ ಸಂಖ್ಯೆಯಿಂದ ಹುಟ್ಟಿದ ಲೆಕ್ಕಗಳು.

ಈ ಗೊಂದಲ ಪೂರ್ತಿ ಬಿಡಬೇಕು ಅಂದರೆ ತಿರುಗಾಮುರುಗಾ ಉದಾಹರಣೆಯೂ ಬೇಕು: ದುರ್ಬಲ, ಆದರೆ ತೀರಾ ಸಾರೀಕೃತ. ಗ್ಲೇಸಿಯಲ್ ಅಸಿಟಿಕ್ ಆಮ್ಲ ಅಂತ ಬಾಟಲಿಯಲ್ಲಿ ಬರುತ್ತದೆ. ಅದು ಹೆಚ್ಚುಕಡಿಮೆ ನೀರೇ ಇಲ್ಲದ ಅಸಿಟಿಕ್ ಆಮ್ಲ. 16.6 ಡಿಗ್ರಿಗಿಂತ ತಣ್ಣಗಾದರೆ ಮಂಜುಗಡ್ಡೆಯ ಹಾಗೆ ಗಟ್ಟಿಯಾಗುತ್ತದೆ, ಆ ಹೆಸರು ಬಂದಿದ್ದೇ ಅದರಿಂದ. ಅದರ ಸಾರತೆ ಸುಮಾರು 17 ಮೋಲಾರ್. ಲ್ಯಾಬ್‌ನಲ್ಲಿ ಹೊಗೆಯಾಡುವ ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲ ಇದೆಯಲ್ಲ, ಅದು ಸುಮಾರು 12 ಮೋಲಾರ್ ಮಾತ್ರ. ಸಾರತೆಯ ಲೆಕ್ಕದಲ್ಲಿ ದುರ್ಬಲ ಆಮ್ಲವೇ ಮುಂದೆ!

ಇಷ್ಟು ಸಾರೀಕೃತ ಆಗಿದ್ದರೂ ಗ್ಲೇಸಿಯಲ್ ಅಸಿಟಿಕ್ ಆಮ್ಲದಲ್ಲಿ ಬಲ್ಬ್ ಹೊತ್ತುವುದೇ ಇಲ್ಲ. ಅಯಾನನ್ನು ಸ್ವೀಕರಿಸಲು ಅಲ್ಲಿ ನೀರಿಲ್ಲ, ಒಡೆದ ಅಣುಗಳೂ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ನೀರು ಬೆರೆಸುತ್ತಾ ಹೋದರೆ ಬಲ್ಬ್ ನಿಧಾನವಾಗಿ ಮಿಣುಕತೊಡಗುತ್ತದೆ. ತೆಳುವಾದಷ್ಟೂ ವಿದ್ಯುತ್ ಚೆನ್ನಾಗಿ ಹರಿಯುವ ಈ ಪ್ರಯೋಗ ನನಗೆ ತುಂಬಾ ಇಷ್ಟ. ಒಂದು ಹಂತ ದಾಟಿದ ಮೇಲೆ ನೀರೇ ತೀರಾ ಜಾಸ್ತಿಯಾಗಿ ಬಲ್ಬ್ ಮತ್ತೆ ಮಂಕಾಗುತ್ತದೆ. ಈ ಆಮ್ಲವನ್ನು ಟೀಚರ್ ಜೊತೆಗಿದ್ದಾಗ ಮಾತ್ರ ಮುಟ್ಟಿ. ಹೆಸರಿಗೆ ದುರ್ಬಲವಾದರೂ ಚರ್ಮವನ್ನು ಚೆನ್ನಾಗಿಯೇ ಸುಡುತ್ತದೆ.

ಇಲ್ಲಿಂದಲೇ ಇನ್ನೊಂದು ತಪ್ಪು ತಿಳಿವಳಿಕೆ ಹುಟ್ಟುತ್ತದೆ: ಪ್ರಬಲ ಅಂದರೆ ಅಪಾಯ, ದುರ್ಬಲ ಅಂದರೆ ನಿರಪಾಯ. ನಮ್ಮ ಹೊಟ್ಟೆಯಲ್ಲೇ ಪ್ರಬಲ ಆಮ್ಲ ಇದೆ, ಹೈಡ್ರೋಕ್ಲೋರಿಕ್. ಸಾರತೆ ಕಡಿಮೆ ಮತ್ತು ಜಠರದ ಒಳಗೋಡೆಗೆ ಲೋಳೆಯ ಪದರ ಇದೆ, ಹಾಗಾಗಿ ನಡೆಯುತ್ತಿದೆ. ಇನ್ನೊಂದು ಕಡೆ ಹೈಡ್ರೋಫ್ಲೋರಿಕ್ ಆಮ್ಲ ನೋಡಿ. ಪುಸ್ತಕದ ಪ್ರಕಾರ ಅದು ದುರ್ಬಲ ಆಮ್ಲ. 0.1 ಮೋಲಾರ್ ದ್ರಾವಣದಲ್ಲಿ ಸಾವಿರಕ್ಕೆ ಸುಮಾರು 80 ಅಣು ಮಾತ್ರ ಒಡೆಯುತ್ತವೆ. ಆದರೆ ಲ್ಯಾಬ್‌ನವರು ತುಂಬಾ ಹೆದರುವ ಆಮ್ಲಗಳಲ್ಲಿ ಅದೂ ಒಂದು. ಗಾಜನ್ನೇ ತಿನ್ನುವುದರಿಂದ ಅದನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಇಡುತ್ತಾರೆ. ಮೈಮೇಲೆ ಬಿದ್ದರೆ ಅದರ ದುರ್ಬಲತೆಯೇ ನಮಗೆ ಮುಳುವಾಗುತ್ತದೆ. ಒಡೆಯದೆ ಉಳಿದ ಅಣುವಿಗೆ ವಿದ್ಯುದಂಶ ಇಲ್ಲ, ಅದಕ್ಕೇ ಚರ್ಮ ದಾಟಿ ಸಲೀಸಾಗಿ ಒಳಗೆ ಇಳಿಯುತ್ತದೆ. ಇಳಿದ ಮೇಲೆ ಅಲ್ಲಿ ಫ್ಲೋರೈಡ್ ಬಿಟ್ಟು, ದೇಹದ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ತೆಳು ದ್ರಾವಣ ಆದರೆ ಉರಿ ಗೊತ್ತಾಗುವಷ್ಟರಲ್ಲಿ ಕೆಲವು ಗಂಟೆಗಳೇ ಕಳೆದಿರಬಹುದು.